ಅಪ್ಪ ಹಿಂದೆ ತಿರುಗಿ ನೋಡಿದ್ದು ಯಾವಾಗ?

ಪತ್ರಿಕೋದ್ಯಮ ವಿಭಾಗದ ತರಗತಿ. ಕಿಟಕಿಗಳಿಗೆ ದಪ್ಪ ಬಟ್ಟೆ ಕಟ್ಟಿ ಕತ್ತಲು ಮಾಡಿದ್ದಾರೆ. ಗೋಡೆಯ ಮೇಲೆ ಕಪ್ಪು ಬಿಳುಪಿನ ಜನಜಂಗುಳಿ, ಅದರ ನಡುವೆ ಕೈ ಹಿಡಿದುಕೊಂಡು ನಡೆಯುತ್ತಿರುವ ಅಪ್ಪ ಮತ್ತು ಮಗ. ಇಬ್ಬರೂ ನಮಗೆ ಬೆನ್ನು ಹಾಕಿದ್ದಾರೆ. ಗುಂಪು ಅವರನ್ನು ನುಂಗುತ್ತದೆ, ಸಿನಿಮಾ ಮುಗಿಯುತ್ತದೆ. ಯಾರೋ ಎದ್ದು ದೀಪ ಹಾಕುತ್ತಾರೆ. ನಲವತ್ತು ಜನ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದಾರೆ. ಒಂದಿಬ್ಬರು ಮುಖ ಒರೆಸಿಕೊಳ್ಳುತ್ತಾರೆ. ಆಮೇಲೆ ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ: “ಸರ್, ವಿಮರ್ಶೆ ಎಷ್ಟು ಪುಟ ಬರೀಬೇಕು?”

ಪ್ರತಿ ವರ್ಷ ನನ್ನ ತರಗತಿಯಲ್ಲಿ ಹೀಗೇ ಆಗುತ್ತದೆ. ಸಿನಿಮಾ ‘ಬೈಸಿಕಲ್ ಥೀವ್ಸ್’. ಇಟಲಿಯ ವಿಟ್ಟೋರಿಯೋ ಡಿ ಸಿಕಾ 1948ರಲ್ಲಿ ತೆಗೆದ, ಒಂದೂವರೆ ಗಂಟೆಯ ಚಿತ್ರ. ಸಿನಿಮಾ ಓದುವ ಯಾವ ತರಗತಿಯೂ ಇದನ್ನು ದಾಟಿ ಹೋಗುವುದಿಲ್ಲ. ಎರಡು ವಾರಗಳ ನಂತರ ನನ್ನ ಮೇಜಿನ ಮೇಲೆ ನಲವತ್ತು ವಿಮರ್ಶೆಗಳು ಬಂದು ಬೀಳುತ್ತವೆ.

ಅವುಗಳನ್ನು ಓದುವಾಗ ನನಗೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಚಿತ್ರದ ಬಗ್ಗೆ ನಮಗೆ ಗೊತ್ತಿದೆ ಅಂದುಕೊಂಡಿರುವುದಕ್ಕೂ ಅದು ಪರದೆಯ ಮೇಲೆ ನಿಜವಾಗಿ ಮಾಡುವುದಕ್ಕೂ ನಡುವೆ ದೊಡ್ಡ ಅಂತರವಿದೆ. ವಿದ್ಯಾರ್ಥಿಗಳ ಬರಹದಲ್ಲಿ ಆ ಅಂತರ ಎದ್ದು ಕಾಣುತ್ತದೆ.

ಎಲ್ಲರೂ ಬರೆಯುವ ಸಾಲು

ನಲವತ್ತರಲ್ಲಿ ಮೂವತ್ತು ವಿಮರ್ಶೆಗಳು ಒಂದೇ ಮಾತಿನಿಂದ ಶುರುವಾಗುತ್ತವೆ. ಇದು ನವವಾಸ್ತವವಾದಿ ಚಿತ್ರ, ಸ್ಟುಡಿಯೋ ಇಲ್ಲದೆ ಬೀದಿಯಲ್ಲಿ ತೆಗೆದದ್ದು, ನಟರಲ್ಲದವರನ್ನು ಹಾಕಿ ಮಾಡಿದ್ದು, ಬದುಕನ್ನು ಇದ್ದದ್ದು ಇದ್ದ ಹಾಗೆ ತೋರಿಸಿದ್ದು. ನಂತರ ಒಂದೂವರೆ ಪುಟ ಕಥೆ. ಕೊನೆಗೆ, ಇದು ಮನ ಕಲಕುವ ಚಿತ್ರ ಎಂಬ ತೀರ್ಮಾನ.

ಕಥೆ ಚಿಕ್ಕದು. ಯುದ್ಧ ಮುಗಿದ ಮೇಲಿನ ರೋಮ್ ನಗರ. ಬಹಳ ದಿನದಿಂದ ಕೆಲಸವಿಲ್ಲದ ಅಂಟೋನಿಯೋ ರಿಚ್ಚಿಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ. ಆದರೆ ಸೈಕಲ್ ಇರಲೇಬೇಕು. ಅವನ ಸೈಕಲ್ ಗಿರವಿಯಲ್ಲಿದೆ. ಹೆಂಡತಿ ಮರಿಯಾ ಮನೆಯ ಹಾಸಿಗೆ ಚಾದರಗಳನ್ನು ಒತ್ತೆಯಿಟ್ಟು ಅದನ್ನು ಬಿಡಿಸುತ್ತಾಳೆ. ಕೆಲಸದ ಮೊದಲ ದಿನವೇ ಸೈಕಲ್ ಕಳುವಾಗುತ್ತದೆ. ಅದನ್ನು ಹುಡುಕುತ್ತ ಅಂಟೋನಿಯೋ ಮತ್ತು ಅವನ ಪುಟ್ಟ ಮಗ ಬ್ರೂನೋ ಭಾನುವಾರವಿಡೀ ನಗರ ಅಲೆಯುತ್ತಾರೆ. ಸಿಗುವುದಿಲ್ಲ. ಸಂಜೆ ಅಂಟೋನಿಯೋ ತಾನೇ ಒಂದು ಸೈಕಲ್ ಕದಿಯಲು ಹೋಗಿ, ಮಗನ ಕಣ್ಣೆದುರೇ ಸಿಕ್ಕಿಬೀಳುತ್ತಾನೆ.

ವಿದ್ಯಾರ್ಥಿಗಳು ಬರೆಯುವ ಆ ಮೊದಲ ಸಾಲು ಪೂರ್ತಿ ಸುಳ್ಳಲ್ಲ. ಆದರೆ ಅದನ್ನು ಸಿನಿಮಾ ನೋಡದೆಯೂ ಬರೆಯಬಹುದು, ನನ್ನ ತಕರಾರು ಅದು. ಹಾಗೆ ಬರೆದವರಿಗೆ ನಾನು ಕಡಿಮೆ ಅಂಕ ಕೊಟ್ಟಾಗ ಅವರಿಗೆ ಬೇಸರವಾಗುತ್ತದೆ. ಪುಸ್ತಕದಲ್ಲಿ ಇರುವುದನ್ನೇ ಅಲ್ಲವೇ ಬರೆದದ್ದು ಎನ್ನುತ್ತಾರೆ. ಹೌದು, ತೊಂದರೆ ಇರುವುದೇ ಅಲ್ಲಿ.

ಚಾದರಗಳ ಬೆಟ್ಟ

ಹಾಗಾದರೆ ನೋಡುವುದು ಅಂದರೇನು? ಗಿರವಿ ಕಟ್ಟೆಯ ಒಂದು ದೃಶ್ಯವನ್ನು ತೆಗೆದುಕೊಳ್ಳೋಣ. ತರಗತಿಯಲ್ಲಿ ಇದನ್ನು ನಾನು ಕನಿಷ್ಠ ಮೂರು ಸಲ ಹಾಕಿ ತೋರಿಸುತ್ತೇನೆ.

ಮನೆಯಲ್ಲಿ ಅಂಟೋನಿಯೋ ತಲೆ ತಗ್ಗಿಸಿ ಕೂತಿದ್ದಾನೆ. ಮರಿಯಾ ಮಾತಾಡದೆ ಹಾಸಿಗೆಯ ಮೇಲಿನ ಚಾದರವನ್ನು ಎಳೆದು ತೆಗೆಯುತ್ತಾಳೆ. ಚಾದರವಿಲ್ಲದೆಯೂ ಮಲಗಬಹುದು ಎನ್ನುತ್ತಾಳೆ. ಬೀರುವಿನಿಂದ ಇನ್ನೂ ಒಂದೆರಡನ್ನು ತೆಗೆಯುತ್ತಾಳೆ. ಅವು ಅವಳು ಮದುವೆಗೆ ತಂದವು. ಗಿರವಿ ಕಟ್ಟೆಯ ಕಿಂಡಿಯಲ್ಲಿ ಗುಮಾಸ್ತ ಬಟ್ಟೆಯನ್ನು ಮುಟ್ಟಿ, ಬಳಸಿದ್ದು ಎನ್ನುತ್ತಾನೆ. ಎಲ್ಲವೂ ಅಲ್ಲ, ಎರಡು ಹೊಸವು ಎಂದು ಅವಳು ವಾದಿಸುತ್ತಾಳೆ. ಸ್ವಲ್ಪ ಚೌಕಾಸಿಯಾಗಿ 7,500 ಲಿರಾ ಕೈಗೆ ಬರುತ್ತದೆ.

ಇಷ್ಟಕ್ಕೇ ದೃಶ್ಯ ಮುಗಿದಿದ್ದರೆ ಅದು ಒಂದು ಬಡ ಕುಟುಂಬದ ಕಷ್ಟದ ಚಿತ್ರವಾಗುತ್ತಿತ್ತು. ಆದರೆ ಮುಗಿಯುವುದಿಲ್ಲ. ಪಕ್ಕದ ಕಿಂಡಿಯಲ್ಲಿ ಸೈಕಲ್ ಬಿಡಿಸಿಕೊಳ್ಳಲು ನಿಂತ ಅಂಟೋನಿಯೋ ಒಳಗೆ ಇಣುಕುತ್ತಾನೆ. ನೌಕರನೊಬ್ಬ ಅವರ ಚಾದರದ ಗಂಟನ್ನು ಎತ್ತಿಕೊಂಡು ಹೋಗಿ ಕಪಾಟು ಹತ್ತತೊಡಗುತ್ತಾನೆ. ಕ್ಯಾಮೆರಾ ಅವನ ಜೊತೆ ಮೇಲಕ್ಕೆ ಏರುತ್ತದೆ. ಒಂದು ಸಾಲು, ಅದರ ಮೇಲೊಂದು, ಅದರ ಮೇಲೊಂದು. ಎಲ್ಲವೂ ಗಂಟುಗಳೇ. ಎಲ್ಲವೂ ಯಾರದೋ ಮನೆಯ ಹಾಸಿಗೆಯ ಚಾದರಗಳೇ.

ಯಾರೂ ಒಂದು ಮಾತೂ ಆಡುವುದಿಲ್ಲ. ರೋಮ್ ನಗರದಲ್ಲಿ ಎಷ್ಟು ಮನೆಗಳು ಬರಿ ಹಾಸಿಗೆಯ ಮೇಲೆ ಮಲಗುತ್ತಿವೆ ಎಂದು ಅಂಕಿ ಅಂಶ ಕೊಟ್ಟು ಹೇಳುವವರಿಲ್ಲ. ಒಬ್ಬನ ಕಷ್ಟವಾಗಿ ಶುರುವಾದದ್ದು ಒಂದೇ ಶಾಟಿನಲ್ಲಿ ಊರಿನ ಕಷ್ಟವಾಗುತ್ತದೆ. ಕ್ಯಾಮೆರಾ ಕೆಳಗೇ ನಿಂತಿದ್ದರೆ ಈ ಅರ್ಥ ಹುಟ್ಟುತ್ತಲೇ ಇರಲಿಲ್ಲ. ಅದು ಮೇಲೇರಿದ್ದು ಆಕಸ್ಮಿಕವೂ ಅಲ್ಲ. ಆ ಕಪಾಟನ್ನು ಅಷ್ಟು ಎತ್ತರ ತೋರಿಸಬೇಕು ಎಂದು ಯಾರೋ ಯೋಚಿಸಿದ್ದಾರೆ.

ಇಷ್ಟನ್ನು ಕಂಡ ವಿದ್ಯಾರ್ಥಿ ‘ಇದ್ದದ್ದು ಇದ್ದ ಹಾಗೆ’ ಎಂಬ ಮಾತನ್ನು ಮತ್ತೆ ಅಷ್ಟು ಸುಲಭವಾಗಿ ಬರೆಯಲಾರ.

ತಾನಾಗಿ ಆದದ್ದು ಯಾವುದೂ ಇಲ್ಲ

ಲುಯಿಜಿ ಬಾರ್ತೊಲಿನಿ 1946ರಲ್ಲಿ ಪ್ರಕಟಿಸಿದ ಪುಸ್ತಕ ಈ ಚಿತ್ರಕ್ಕೆ ಮೂಲ. ಅದರಲ್ಲಿ ಸೈಕಲ್ ಕಳಕೊಂಡವನು ಕೆಲಸವಿಲ್ಲದ ಕೂಲಿಯವನಲ್ಲ, ಒಬ್ಬ ಕಲಾವಿದ. ಅವನಿಗೆ ಸೈಕಲ್ ಹೋದರೆ ಸಂಕಟ ಹೌದು, ಆದರೆ ಒಲೆ ಆರುವುದಿಲ್ಲ. ಚಿತ್ರಕಥೆ ಬರೆದ ಚೆಸಾರೆ ಝವಾಟ್ಟಿನಿ ಮತ್ತು ಸಂಗಡಿಗರು ಸೈಕಲ್ಲನ್ನು ಉಳಿಸಿಕೊಂಡು ಮನುಷ್ಯನನ್ನು ಬದಲಾಯಿಸಿದರು. ಹೆಂಡತಿ, ಇಬ್ಬರು ಮಕ್ಕಳು, ಸೈಕಲ್ ಇದ್ದರೆ ಮಾತ್ರ ಇರುವ ಕೆಲಸ, ಇವೆಲ್ಲ ಬಂದ ಮೇಲೆ ಒಂದು ಸಣ್ಣ ಕಳವು ಇಡೀ ಮನೆಯ ಪ್ರಶ್ನೆಯಾಯಿತು.

ಅಂಟೋನಿಯೋ ಆದ ಲಂಬೆರ್ತೋ ಮಜ್ಜೊರಾನಿ ನಿಜಕ್ಕೂ ಕಾರ್ಖಾನೆಯ ಕಾರ್ಮಿಕ. ಬ್ರೂನೋ ಪಾತ್ರಕ್ಕೆ ತನ್ನ ಮಗನನ್ನು ತೋರಿಸಲು ಬಂದವನನ್ನೇ ಡಿ ಸಿಕಾ ಅಪ್ಪನ ಪಾತ್ರಕ್ಕೆ ಹಿಡಿದುಕೊಂಡರು. ಬ್ರೂನೋ ಆದ ಎಂಜೋ ಸ್ತಾಯೊಲಾನನ್ನು ಆರಿಸುವಾಗ ಅವರು ನೋಡಿದ್ದು ಮುಖವನ್ನಷ್ಟೇ ಅಲ್ಲ, ನಡಿಗೆಯನ್ನು. ಉದ್ದ ಹೆಜ್ಜೆಯ ಅಪ್ಪನ ಪಕ್ಕ ಗಿಡ್ಡ ಹೆಜ್ಜೆಯಲ್ಲಿ ಓಡೋಡಿ ನಡೆಯುವ ಹುಡುಗ ಬೇಕಿತ್ತು ಅವರಿಗೆ. ಫ್ರೆಂಚ್ ವಿಮರ್ಶಕ ಆಂದ್ರೆ ಬಜಾನ್ ಚಿತ್ರ ಬಂದ ಮರುವರ್ಷವೇ ಇದರ ಬಗ್ಗೆ ಬರೆಯುತ್ತ ಆ ನಡಿಗೆಯನ್ನು ಎತ್ತಿ ತೋರಿಸಿದರು. ಇಡೀ ಚಿತ್ರ ಆ ಇಬ್ಬರು ರೋಮ್‌ನಲ್ಲಿ ನಡೆಯುವುದೇ ಆಗಿರುವಾಗ ನಡಿಗೆಯೇ ನಟನೆ.

ನಟರಲ್ಲದವರು ಎಂದು ಬರೆದು ನಿಲ್ಲಿಸಬಾರದು ಎನ್ನುವುದು ಇದಕ್ಕೇ. ಯಾರನ್ನು ಏಕೆ ಆರಿಸಿದರು ಎಂದು ಕೇಳಬೇಕು. ಆ ಕಾಲದ ಇಟಲಿಯಲ್ಲಿ ಮಾತನ್ನು ಚಿತ್ರೀಕರಣದ ಜೊತೆಗೇ ಮುದ್ರಿಸುವ ರೂಢಿ ಇರಲಿಲ್ಲ, ಸ್ಟುಡಿಯೋದಲ್ಲಿ ಆಮೇಲೆ ಸೇರಿಸುತ್ತಿದ್ದರು. ಅಂದರೆ ಬೀದಿಯಲ್ಲಿ ತೆಗೆದ ಈ ಚಿತ್ರದ ಮಾತು ಬೀದಿಯಲ್ಲಿ ಹುಟ್ಟಿದ್ದಲ್ಲ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳಿದಾಗ ಅವರಿಗೆ ಮೋಸವಾದಂತೆ ಅನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ನಿಜದಂತೆ ಕಾಣುವುದಕ್ಕೆ ಎಷ್ಟು ದುಡಿಯಬೇಕು ಎಂಬುದು ಇಲ್ಲಿ ತಿಳಿಯುತ್ತದೆ.

ಇನ್ನೊಂದು ಸಂಗತಿ. ಅಮೆರಿಕದ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಈ ಚಿತ್ರಕ್ಕೆ ಹಣ ಹಾಕಲು ಮುಂದೆ ಬಂದಿದ್ದ. ಆದರೆ ಅಂಟೋನಿಯೋ ಪಾತ್ರಕ್ಕೆ ಹಾಲಿವುಡ್ಡಿನ ತಾರೆ ಕ್ಯಾರಿ ಗ್ರಾಂಟ್ ಬೇಕೆಂದ. ಡಿ ಸಿಕಾ ಒಪ್ಪಲಿಲ್ಲ. ಅಂಟೋನಿಯೋ ಏಣಿ ಹತ್ತಿ ಗೋಡೆಗೆ ಅಂಟಿಸುತ್ತಿರುವಾಗ ಸೈಕಲ್ ಕಳುವಾಗುತ್ತದಲ್ಲ, ಆ ಪೋಸ್ಟರ್ ಇರುವುದು ಹಾಲಿವುಡ್ ನಟಿ ರೀಟಾ ಹೇವರ್ತ್‌ಳದ್ದು. ಅವಳ ಮುಖದ ಸುಕ್ಕು ಹೋಗಲೆಂದು ಅವನು ಬ್ರಷ್ಷಿನಿಂದ ಉಜ್ಜುತ್ತಿರುವಾಗ ಕೆಳಗೆ ಅವನ ಅನ್ನ ಹೋಗುತ್ತದೆ.

ಸೈಕಲ್ ಇನ್ನೂ ಅಲ್ಲೇ ಇದೆ

ಕಥೆಯೇ ಇಲ್ಲದ ಚಿತ್ರ ಎಂದು ಕೆಲವರು ಬರೆಯುತ್ತಾರೆ. ಅವರಿಗೆ ನಾನು ಸೈಕಲ್ ಕಳುವಾಗುವುದಕ್ಕೆ ಮೊದಲಿನ ಒಂದು ಪ್ರಸಂಗ ನೆನಪಿಸುತ್ತೇನೆ. ಮರಿಯಾ ಕಣಿ ಹೇಳುವ ಹೆಂಗಸಿನ ಮನೆಗೆ ಹೋಗಿ ತಡ ಮಾಡುತ್ತಾಳೆ. ಹೊರಗೆ ಕಾಯುತ್ತಿದ್ದ ಅಂಟೋನಿಯೋ, ಬೀದಿಯಲ್ಲಿ ಆಡುತ್ತಿದ್ದ ಹುಡುಗನೊಬ್ಬನಿಗೆ ಸೈಕಲ್ ನೋಡಿಕೊಳ್ಳಲು ಹೇಳಿ ಮಹಡಿ ಹತ್ತುತ್ತಾನೆ.

ನಾವು ಚಿತ್ರದ ಹೆಸರು ಓದಿಕೊಂಡೇ ಕೂತಿದ್ದೇವೆ. ಅವನು ಹೆಂಡತಿಯೊಂದಿಗೆ ಮಾತಾಡುವಷ್ಟು ಹೊತ್ತೂ ನಮ್ಮ ಜೀವ ಕೆಳಗೆ ಬೀದಿಯಲ್ಲಿರುತ್ತದೆ. ಅವನು ಇಳಿದು ಬಂದರೆ ಸೈಕಲ್ ಅಲ್ಲೇ ಇದೆ. ಹೀಗೆ ಒಮ್ಮೆ ಉಸಿರು ಬಿಡಿಸಿದ ಮೇಲೆಯೇ ಡಿ ಸಿಕಾ ಅದನ್ನು ಕದಿಯಲು ಬಿಡುತ್ತಾರೆ. ಪಕ್ಕಾ ಕಥೆಗಾರನ ಕೆಲಸ ಇದು.

ಕಣಿಗೆ ದುಡ್ಡು ಹಾಳು ಮಾಡಿದಳೆಂದು ಅಂಟೋನಿಯೋ ಅವತ್ತು ಹೆಂಡತಿಯ ಮೇಲೆ ರೇಗುತ್ತಾನೆ. ಎಲ್ಲ ದಾರಿ ಮುಚ್ಚಿಹೋದ ಮೇಲೆ ಭಾನುವಾರ ಅದೇ ಮಹಡಿಗೆ ಮಗನನ್ನು ಕರೆದುಕೊಂಡು ಅವನೇ ಹೋಗುತ್ತಾನೆ. ಸೋತವನ ಮನಸ್ಸು ಎಲ್ಲಿಗೆ ಬಂತು ಎಂದು ತೋರಿಸಲು ಒಂದೂ ಮಾತು ಬೇಕಾಗಲಿಲ್ಲ.

ಒಬ್ಬ ಹುಡುಗಿಯ ವಿಮರ್ಶೆ

ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ತಂದುಕೊಟ್ಟ ಮೊದಲ ಕರಡು ಎಲ್ಲರಂತೆಯೇ ಇತ್ತು. ನಾನು ಅದರಲ್ಲಿ ಒಂದೇ ಸಾಲಿನ ಕೆಳಗೆ ಗೆರೆ ಎಳೆದೆ. ಅಂಟೋನಿಯೋ ಒಳ್ಳೆಯ ಅಪ್ಪ, ಮಗನೆಂದರೆ ಅವನಿಗೆ ಪ್ರಾಣ ಎಂದು ಅವಳು ಬರೆದಿದ್ದಳು.

“ಎಲ್ಲಿ ನೋಡಿದೆ ಇದನ್ನ?” ಎಂದು ಕೇಳಿದೆ.

“ಸಿನಿಮಾ ಪೂರ್ತಿ ಇಬ್ಬರೂ ಜೊತೆಗೇ ಇರ್ತಾರಲ್ಲ ಸರ್.”

“ಜೊತೆಗಿರ್ತಾರೆ. ಅಪ್ಪ ಮಗನನ್ನ ನೋಡ್ತಾನಾ? ಅದೊಂದನ್ನೇ ಹಿಡ್ಕೊಂಡು ಇನ್ನೊಂದ್ಸಲ ನೋಡಮ್ಮ.”

ಅವಳು ನೋಡಿದಳು. ಒಮ್ಮೆ ಅಲ್ಲ, ನಾಲ್ಕು ಸಲ. ಕಥೆಯನ್ನು ಬಿಟ್ಟು, ಅಪ್ಪನ ಕತ್ತು ಯಾವ ಕಡೆ ತಿರುಗುತ್ತದೆ ಎಂಬುದನ್ನು ಮಾತ್ರ ಗಮನಿಸುತ್ತ ದೃಶ್ಯವಾರು ಟಿಪ್ಪಣಿ ಮಾಡಿಕೊಂಡಳು. ಆ ಟಿಪ್ಪಣಿಯಿಂದ ಹುಟ್ಟಿದ ಎರಡನೆಯ ಕರಡು ಬೇರೆಯೇ ಬರಹ.

ಅವಳು ಕಂಡದ್ದು ಇದು. ಪೋರ್ತಾ ಪೋರ್ತೆಸೆ ಸಂತೆಯಲ್ಲಿ ಮಳೆ ಸುರಿಯುತ್ತದೆ. ಓಡುವ ಗಡಿಬಿಡಿಯಲ್ಲಿ ಬ್ರೂನೋ ಜಾರಿ ಬೀಳುತ್ತಾನೆ. ಅಪ್ಪನಿಗೆ ಗೊತ್ತೇ ಆಗುವುದಿಲ್ಲ. ಮಗ ಮೈಯೆಲ್ಲ ಒರೆಸಿಕೊಳ್ಳುವಾಗ, ಏನಾಯಿತು ಎಂದು ಕೇಳುತ್ತಾನೆ. ಬಿದ್ದೆ ಎಂದು ಹುಡುಗ ಸಿಟ್ಟಿನಿಂದ ನೆಲ ತೋರಿಸುತ್ತಾನೆ. ಹುಡುಗ ಮೂತ್ರ ಮಾಡಲು ಗೋಡೆಯ ಬಳಿ ನಿಂತರೆ ಅಪ್ಪ ಅಷ್ಟಕ್ಕೂ ಬಿಡದೆ ಕೂಗಿ ಕರೆಯುತ್ತಾನೆ. ಕೊನೆಕೊನೆಗೆ ರಸ್ತೆ ದಾಟುವಾಗ ಬ್ರೂನೋ ಎರಡು ಸಲ ಕಾರಿನಡಿ ಸಿಗುವುದು ಸ್ವಲ್ಪದರಲ್ಲಿ ತಪ್ಪುತ್ತದೆ. ಅಪ್ಪ ಮುಂದೆ ನಡೆಯುತ್ತಲೇ ಇದ್ದಾನೆ, ತಿರುಗುವುದೇ ಇಲ್ಲ. ಆ ಕಾರುಗಳನ್ನು ನಾವು ನೋಡುತ್ತೇವೆ. ಚಿತ್ರದಲ್ಲಿ ಬೇರೆ ಯಾರೂ ನೋಡುವುದಿಲ್ಲ.

ಅಪ್ಪ ನಿಜವಾಗಿ ತಿರುಗುವುದು ನದಿಯ ದಡದಲ್ಲಿ. ಸಿಟ್ಟಿನಲ್ಲಿ ಮಗನ ಕೆನ್ನೆಗೆ ಹೊಡೆದಿದ್ದಾನೆ. ಹುಡುಗ ಮುನಿಸಿಕೊಂಡು ದೂರ ನಿಂತಿದ್ದಾನೆ. ಸೇತುವೆಯ ಹತ್ತಿರ ಇರು ಎಂದು ಹೇಳಿ ಅಪ್ಪ ಮುಂದೆ ಹೋಗುತ್ತಾನೆ. ಅಷ್ಟರಲ್ಲಿ ನೀರಿನ ಕಡೆಯಿಂದ ಕೂಗು, ಯಾರೋ ಹುಡುಗ ಮುಳುಗುತ್ತಿದ್ದಾನೆ. ಅಂಟೋನಿಯೋ ಬ್ರೂನೋ, ಬ್ರೂನೋ ಎಂದು ಕೂಗುತ್ತ ಓಡುತ್ತಾನೆ. ನೀರಿನಿಂದ ಎತ್ತಿದ್ದು ಬೇರೆ ಯಾರನ್ನೋ. ಬ್ರೂನೋ ಮೆಟ್ಟಿಲ ತುದಿಯಲ್ಲಿ ಒಬ್ಬನೇ ಕೂತಿದ್ದಾನೆ, ಬೃಹತ್ ಕಲ್ಲುಗಳ ನಡುವೆ ಚುಕ್ಕೆಯ ಹಾಗೆ.

ಅದರ ಮುಂದಿನದು ಹೋಟೆಲಿನ ದೃಶ್ಯ. ಇಡೀ ಚಿತ್ರದಲ್ಲಿ ಅಪ್ಪ ಮಗ ಎದುರುಬದುರು ಕೂರುವುದು ಇಲ್ಲಿ. ಅಪ್ಪ ಮಗನಿಗೆ ಸ್ವಲ್ಪ ವೈನನ್ನೂ ಹಾಕಿಕೊಡುತ್ತಾನೆ. ಆದರೆ ಪಕ್ಕದ ಮೇಜಿನಲ್ಲಿ ಶ್ರೀಮಂತರ ಹುಡುಗನೊಬ್ಬ ಚಾಕು, ಫೋರ್ಕು ಹಿಡಿದು ತಿನ್ನುತ್ತ ಬ್ರೂನೋನ ಕಡೆ ತಿರುಗಿ ತಿರುಗಿ ನೋಡುತ್ತಾನೆ. ಹಾಗೆ ತಿನ್ನಬೇಕಾದರೆ ತಿಂಗಳಿಗೆ ಬಹಳ ಸಂಪಾದಿಸಬೇಕು ಎನ್ನುತ್ತಾನೆ ಅಪ್ಪ. ಆಮೇಲೆ ಕಾಗದ ಪೆನ್ಸಿಲ್ ತೆಗೆದು, ಆ ಕೆಲಸ ಉಳಿದಿದ್ದರೆ ಸಂಬಳ ಎಷ್ಟು, ಹೆಚ್ಚಿನ ವೇಳೆಗೆ ಎಷ್ಟು, ಭತ್ಯೆ ಎಷ್ಟು ಎಂದು ಮಗನ ಕೈಯಲ್ಲಿ ಲೆಕ್ಕ ಬರೆಸುತ್ತಾನೆ. ಚೀಸ್ ಎಳೆಯಾಗಿ ಎಳೆಯುತ್ತ ನಗುತ್ತಿದ್ದ ಹುಡುಗ ಆ ಲೆಕ್ಕ ನೋಡಿ ತಿನ್ನುವುದನ್ನು ನಿಲ್ಲಿಸುತ್ತಾನೆ. ಮಗನ ಕಡೆ ಕೊನೆಗೂ ತಿರುಗಿದ ಅಪ್ಪನ ಕಣ್ಣು ಐದು ನಿಮಿಷದಲ್ಲಿ ಮತ್ತೆ ಸೈಕಲ್ಲಿನ ಕಡೆಗೇ ಹೋಯಿತು ಎಂದು ಅವಳು ಬರೆದಳು.

ಆದರೂ ಅವನು ಕೆಟ್ಟ ಅಪ್ಪ ಎಂದು ಅವಳು ಬರೆಯಲಿಲ್ಲ. ಬಡತನ ಮನುಷ್ಯನ ಕತ್ತನ್ನು ಒಂದೇ ಕಡೆ ಬಿಗಿದು ಹಿಡಿಯುತ್ತದೆ, ಪಕ್ಕದಲ್ಲಿರುವುದು ಕಾಣುವುದಿಲ್ಲ ಎಂದು ಬರೆದಳು. ಆ ವಾಕ್ಯ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ನಾಲ್ಕು ಸಲ ನೋಡಿ ದುಡಿದದ್ದು ಅದು.

ಪೊಲೀಸು, ಪಕ್ಷ, ಚರ್ಚು

ನಡುವಿನ ಭಾಗದ ಬಗ್ಗೆ ವಿದ್ಯಾರ್ಥಿಗಳಿಗೆ ಗೊಂದಲ ಹೆಚ್ಚು. ಸುಮ್ಮನೆ ಅಲೆದಾಡಿದಂತೆ ಕಾಣುತ್ತದೆ ಎನ್ನುತ್ತಾರೆ. ಅಂಟೋನಿಯೋ ಯಾರ ಯಾರ ಬಾಗಿಲು ತಟ್ಟುತ್ತಾನೆ ಎಂದು ನೋಡಿದರೆ ಗೊಂದಲ ತಿಳಿಯಾಗುತ್ತದೆ. ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಾರೆ, ಹುಡುಕುವ ಕೆಲಸ ನಿನ್ನದೇ ಎನ್ನುತ್ತಾರೆ. ಏನು ವಿಷಯ ಎಂದು ಇನ್ನೊಬ್ಬ ಕೇಳಿದರೆ, ಏನಿಲ್ಲ, ಒಂದು ಸೈಕಲ್ ಅಷ್ಟೇ ಎಂಬ ಉತ್ತರ. ಪಕ್ಷದ ಸಭೆ ನಡೆಯುತ್ತಿರುವ ನೆಲಮಾಳಿಗೆಯಲ್ಲಿ ಉದ್ಯೋಗದ ಬಗ್ಗೆ ಭಾಷಣ. ಒಬ್ಬನ ಸೈಕಲ್ಲಿನ ಮಾತಿಗೆ ಅಲ್ಲಿ ಜಾಗವಿಲ್ಲ, ಗೆಳೆಯನೊಬ್ಬ ಮಾತ್ರ ನೆರವಿಗೆ ಬರುತ್ತಾನೆ. ಚರ್ಚಿನಲ್ಲಿ ಬಡವರಿಗೆ ಕ್ಷೌರ ಮಾಡಿಸಿ, ಪ್ರಾರ್ಥನೆ ಹೇಳಿಸಿ, ಸೂಪು ಕೊಡುತ್ತಾರೆ. ಅಲ್ಲಿ ಕಳ್ಳನ ಸುಳಿವು ಗೊತ್ತಿರುವ ಮುದುಕನನ್ನು ಹಿಡಿದು ಮಾತಾಡಿಸಲು ಅಂಟೋನಿಯೋ ಒದ್ದಾಡುತ್ತಿದ್ದರೆ, ಗದ್ದಲ ಮಾಡಬೇಡ ಎಂದು ಗದರುತ್ತಾರೆ.

ಇವರಲ್ಲಿ ಯಾರೂ ಕ್ರೂರಿಗಳಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡುತ್ತಿದ್ದಾರೆ. ಖಳನಾಯಕನನ್ನು ಇಟ್ಟಿದ್ದರೆ ನಮ್ಮ ಸಿಟ್ಟಿಗೆ ಒಂದು ಗುರಿ ಸಿಗುತ್ತಿತ್ತು. ಕಳ್ಳನಾದರೂ ಸಿಗುತ್ತಾನೆಯೇ ಅಂದರೆ, ಸಿಕ್ಕಿದವನು ಫಿಟ್ಸ್ ಬಂದು ನೆಲಕ್ಕೆ ಬೀಳುತ್ತಾನೆ. ಅವನ ಮನೆ ಅಂಟೋನಿಯೋನ ಮನೆಗಿಂತ ಇಕ್ಕಟ್ಟು, ಅವನ ತಾಯಿ ಒಲೆಯ ಮುಂದೆ ನಿಂತಿದ್ದಾಳೆ. ಸಾಕ್ಷಿಯಿಲ್ಲ, ಬೀದಿಯವರೆಲ್ಲ ಅವನ ಪರ.

ಅಂದ ಹಾಗೆ, ಅಮೆರಿಕದಲ್ಲಿ ಚಿತ್ರ ಬಿಡುಗಡೆಯಾಗುವಾಗ ಅಲ್ಲಿನ ಸೆನ್ಸಾರ್ ವ್ಯವಸ್ಥೆ ಎರಡು ದೃಶ್ಯ ಕತ್ತರಿಸಲು ಹೇಳಿತು. ಒಂದು, ಅಂಟೋನಿಯೋ ಕಳ್ಳನನ್ನು ಅಟ್ಟಿಕೊಂಡು ವೇಶ್ಯಾಗೃಹದೊಳಗೆ ನುಗ್ಗುವುದು. ಇನ್ನೊಂದು, ಬ್ರೂನೋ ಗೋಡೆಯ ಬಳಿ ನಿಲ್ಲುವುದು. ಡಿ ಸಿಕಾ ಕತ್ತರಿಸಲಿಲ್ಲ. ನನ್ನ ವಿದ್ಯಾರ್ಥಿನಿಯ ವಾದಕ್ಕೆ ಆ ಎರಡನೆಯ ದೃಶ್ಯ ಎಷ್ಟು ಮುಖ್ಯವಾಯಿತು ಎಂದು ನೆನೆದಾಗ ಅದು ಉಳಿದದ್ದು ನನಗೆ ಸಮಾಧಾನ ಕೊಡುತ್ತದೆ.

ಕಳ್ಳ ಅಲ್ಲ, ಕಳ್ಳರು

ಅಮೆರಿಕದಲ್ಲಿ ಇದನ್ನು ಏಕವಚನದಲ್ಲಿ, ಸೈಕಲ್ ಕಳ್ಳ ಎಂಬ ಅರ್ಥ ಬರುವ ಹೆಸರಿನಲ್ಲಿ ತೋರಿಸಿದರು. ಇಟಾಲಿಯನ್ ಹೆಸರು ಬಹುವಚನ. ಮೊದಲ ಕಳ್ಳ ಯಾರು ಎಂದು ನಮಗೆ ಗೊತ್ತು. ಎರಡನೆಯವನು ಯಾರು ಎಂದು ತಿಳಿಯುವುದು ಕೊನೆಯ ಹತ್ತು ನಿಮಿಷದಲ್ಲಿ.

ಫುಟ್ಬಾಲ್ ಕ್ರೀಡಾಂಗಣದ ಹೊರಗೆ ಸಾಲು ಸಾಲು ಸೈಕಲ್ ನಿಂತಿವೆ. ಅಂಟೋನಿಯೋ ಕಾಲುದಾರಿಯ ಅಂಚಿನಲ್ಲಿ ಕೂತು ಅತ್ತ ನೋಡುತ್ತಾನೆ, ಏಳುತ್ತಾನೆ, ಶತಪಥ ಹಾಕುತ್ತಾನೆ. ಇನ್ನೊಂದು ಬೀದಿಯ ಬಾಗಿಲಿನ ಬಳಿ ಒಂಟಿ ಸೈಕಲ್ ಒರಗಿದೆ. ಮಗನ ಕೈಗೆ ಚಿಲ್ಲರೆ ಕೊಟ್ಟು, ಟ್ರಾಮ್ ಹತ್ತಿ ಹೋಗಿ ಕಾಯುತ್ತಿರು ಎನ್ನುತ್ತಾನೆ. ಇಷ್ಟು ಹೊತ್ತೂ ಮಗನನ್ನು ನೋಡದವನು, ಈಗ ಮಗ ತನ್ನನ್ನು ನೋಡಬಾರದು ಎಂದು ಕಳಿಸುತ್ತಿದ್ದಾನೆ. ಹುಡುಗನಿಗೆ ಟ್ರಾಮ್ ತಪ್ಪುತ್ತದೆ.

ಬ್ರೂನೋ ನೋಡುತ್ತಾನೆ. ಕೂಗು, ಓಟ, ಗುಂಪು. ಅಪ್ಪನನ್ನು ಹಿಡಿದು ಎಳೆದಾಡುತ್ತಾರೆ, ಹೊಡೆಯುತ್ತಾರೆ, ಟೋಪಿ ಬೀಳುತ್ತದೆ. ಹುಡುಗ ಅಪ್ಪನ ಕೋಟು ಹಿಡಿದು ಅಳುತ್ತಾನೆ, ಆಮೇಲೆ ಬಗ್ಗಿ ಟೋಪಿ ಎತ್ತಿಕೊಂಡು ಧೂಳು ಕೊಡವುತ್ತಾನೆ. ಸೈಕಲ್ಲಿನ ಯಜಮಾನ ಆ ಹುಡುಗನ ಮುಖ ನೋಡಿ, ದೂರು ಬೇಡ, ಬಿಟ್ಟುಬಿಡಿ ಎನ್ನುತ್ತಾನೆ. ಇಡೀ ಚಿತ್ರದಲ್ಲಿ ಬ್ರೂನೋನನ್ನು ಸರಿಯಾಗಿ ನೋಡಿ ಅದರಂತೆ ನಡೆದುಕೊಂಡ ಒಬ್ಬನೇ ದೊಡ್ಡ ಮನುಷ್ಯ ಇವನು ಎಂದು ವಿದ್ಯಾರ್ಥಿನಿಯ ಟಿಪ್ಪಣಿಯಲ್ಲಿತ್ತು. ಇಷ್ಟು ವರ್ಷ ಪಾಠ ಮಾಡಿದ ನನಗೆ ಅದು ಹೊಳೆದಿರಲಿಲ್ಲ. ತರಗತಿಯಲ್ಲಿ ಹಾಗೆಂದು ಹೇಳಿದೆ ಕೂಡ.

ಮೆಚ್ಚಿಕೊಂಡ ಮೇಲೂ ಕೇಳಬೇಕಾದದ್ದು

ಶ್ರೇಷ್ಠ ಕೃತಿ ಎಂಬ ಹೆಸರು ಬಂದ ಮೇಲೆ ವಿದ್ಯಾರ್ಥಿಗಳ ಕೈ ಕಟ್ಟಿಹಾಕಿದಂತೆ ಆಗುತ್ತದೆ. ಈ ಚಿತ್ರಕ್ಕೆ ಅಮೆರಿಕದ ಅಕಾಡೆಮಿಯ ವಿಶೇಷ ಪ್ರಶಸ್ತಿ ಬಂತು. 1952ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ವಿಮರ್ಶಕರನ್ನು ಕೇಳಿ ಮಾಡಿದ ಪಟ್ಟಿಯಲ್ಲಿ ಇದೇ ಮೊದಲ ಸ್ಥಾನದಲ್ಲಿತ್ತು. ಇಷ್ಟಾದ ಮೇಲೆ ತಪ್ಪು ಹೇಳುವುದು ಹೇಗೆ?

ಹೇಳಬೇಕು. ಅಲೆಸ್ಸಾಂದ್ರೋ ಚಿಕೊನ್ಯಿನಿಯ ಸಂಗೀತ ನಾವೇ ಅನುಭವಿಸಬಹುದಾದ ದುಃಖವನ್ನು ಹಲವು ಕಡೆ ಮೊದಲೇ ಹೇಳಿಬಿಡುತ್ತದೆ. ಬ್ರೂನೋನ ಮುಖದ ಮೇಲೆ ಚಿತ್ರ ಬಹಳ ಭಾರ ಹಾಕುತ್ತದೆ. ಅಳುವ ಮಗು ಎದುರಿಗಿದ್ದರೆ ಯಾರ ಮನಸ್ಸು ಕರಗುವುದಿಲ್ಲ? ನನಗೆ ಹೆಚ್ಚು ಕಾಡುವುದು ಮರಿಯಾ. ಚಾದರ ತೆಗೆದು ದಾರಿ ತೋರಿಸಿದವಳು, ಗುಮಾಸ್ತನ ಹತ್ತಿರ ವಾದ ಮಾಡಿದವಳು ಅವಳು. ಸೈಕಲ್ ಕಳುವಾದ ಮೇಲೆ ಅವಳು ಹೆಚ್ಚು ಕಡಿಮೆ ಮಾಯವಾಗುತ್ತಾಳೆ. ಭಾನುವಾರವಿಡೀ ಆ ಮನೆಯಲ್ಲಿ ಹಸುಗೂಸನ್ನು ಇಟ್ಟುಕೊಂಡು ಅವಳು ಹೇಗೆ ಕಾದಳು ಎಂಬುದನ್ನು ಡಿ ಸಿಕಾ ತೋರಿಸಲಿಲ್ಲ. ಇದನ್ನು ಪ್ರಶ್ನಿಸಿದ ವಿಮರ್ಶೆಗೆ ನಾನು ಯಾವತ್ತೂ ಅಂಕ ಕಡಿಮೆ ಮಾಡಿಲ್ಲ.

ಮಜ್ಜೊರಾನಿಯ ಮುಂದಿನ ಬದುಕು ಇನ್ನೊಂದು ಪ್ರಶ್ನೆ. ಚಿತ್ರ ಮುಗಿದ ಮೇಲೆ ಕಾರ್ಖಾನೆಗೆ ಮರಳಿದ ಆತನ ಕೆಲಸ ಹೋಯಿತು. ಸಣ್ಣಪುಟ್ಟ ಪಾತ್ರಗಳು ಸಿಕ್ಕವು, ನಟನಾಗಿ ನೆಲೆಯೂರಲು ಆಗಲಿಲ್ಲ. ಕೆಲಸ ಕಳಕೊಂಡವನ ಪಾತ್ರ ಮಾಡಿ ಲೋಕಕ್ಕೆಲ್ಲ ಗೊತ್ತಾದವನು ಕೆಲಸ ಕಳಕೊಂಡ. ಬೀದಿಯಿಂದ ಒಬ್ಬನನ್ನು ಕರೆತಂದು ಕ್ಯಾಮೆರಾ ಮುಂದೆ ನಿಲ್ಲಿಸುವವರು ಅವನ ನಾಳೆಗೆ ಎಷ್ಟು ಹೊಣೆ? ನಮ್ಮಲ್ಲೂ ಈ ಪ್ರಶ್ನೆಗೆ ಜಾಗವಿದೆ. ಮಂಡ್ಯ ಸೀಮೆಯ ಹಳ್ಳಿಗರನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡ ರಾಮ್ ರೆಡ್ಡಿಯವರ ‘ತಿಥಿ’ ನೋಡಿದ ವಿದ್ಯಾರ್ಥಿಗಳಿಗೆ ಇದು ದೂರದ ಮಾತು ಅನಿಸುವುದಿಲ್ಲ.

ಕಲ್ಕತ್ತೆಯ ದಾರಿ

ಭಾರತಕ್ಕೂ ಈ ಚಿತ್ರಕ್ಕೂ ಇರುವ ನಂಟನ್ನು ಎಲ್ಲರೂ ಬರೆಯುತ್ತಾರೆ. ಜಾಹೀರಾತು ಕಂಪನಿಯ ಕೆಲಸದ ಮೇಲೆ 1950ರಲ್ಲಿ ಲಂಡನ್ನಿಗೆ ಹೋಗಿದ್ದ ಸತ್ಯಜಿತ್ ರಾಯ್ ಇದನ್ನು ನೋಡಿದರು, ‘ಪಥೇರ್ ಪಾಂಚಾಲಿ’ಯನ್ನು ಹೀಗೆಯೇ ಮಾಡಬಹುದು ಎಂಬ ಧೈರ್ಯ ಪಡೆದರು. 1952ರಲ್ಲಿ ಮುಂಬೈಯಿಂದ ಶುರುವಾದ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಇದು ಬಂತು. ಮರುವರ್ಷ ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’ ತೆರೆಗೆ ಬಂತು.

ಪ್ರಭಾವ ಎಂಬ ಪದ ಬರೆದು ಮುಗಿಸುವ ಬದಲು ಏನನ್ನು ತೆಗೆದುಕೊಂಡರು, ಏನನ್ನು ಬಿಟ್ಟರು ಎಂದು ನೋಡಿದರೆ ಲಾಭವಿದೆ. ರಾಯ್ ನಟರಲ್ಲದವರನ್ನು ಹಾಕಿಕೊಂಡರು, ಜೊತೆಗೆ ಹಳೆಯ ರಂಗನಟಿ ಚುನಿಬಾಲಾ ದೇವಿಯನ್ನೂ ಕರೆತಂದರು. ಆ ಮುದುಕಿ ಇಂದಿರ್‌ಳ ಪಾತ್ರವನ್ನು ನೋಡಿದವರು ಯಾರೂ ಮರೆತಿಲ್ಲ. ಬಿಮಲ್ ರಾಯ್ ಹಾಡುಗಳನ್ನು ಇಟ್ಟುಕೊಂಡರು, ನಾಯಕನಾಗಿ ಬಲರಾಜ್ ಸಾಹನಿ ಇದ್ದರು. ಇಬ್ಬರೂ ಡಿ ಸಿಕಾರಿಂದ ಕಲಿತದ್ದು ನಿಯಮವನ್ನಲ್ಲ.

ಎರಡನೆಯ ಕರಡಿನ ಮೊದಲ ಸಾಲು

ಆ ವಿದ್ಯಾರ್ಥಿನಿ ತನ್ನ ಎರಡನೆಯ ಕರಡನ್ನು ನವವಾಸ್ತವವಾದದಿಂದ ಶುರುಮಾಡಲಿಲ್ಲ. ಯಾರ ಕಣ್ಣಿಗೂ ಅಷ್ಟಾಗಿ ಬೀಳದ ಒಂದು ಕ್ಷಣದಿಂದ ಶುರುಮಾಡಿದಳು.

ಅಂಟೋನಿಯೋ ಕೆಲಸಕ್ಕೆ ಹೊರಡುವ ಮೊದಲ ದಿನದ ಬೆಳಗು. ಬ್ರೂನೋ ಸೈಕಲ್ ಒರೆಸುತ್ತಿದ್ದಾನೆ. ಗಿರವಿಯವರು ಅದಕ್ಕೆ ನೆಗ್ಗು ಬೀಳಿಸಿದ್ದಾರೆ, ಅಪ್ಪ ಅವರನ್ನು ಕೇಳಬೇಕಿತ್ತು ಎಂದು ಗೊಣಗುತ್ತಾನೆ. ಅವನೂ ಪೆಟ್ರೋಲ್ ಬಂಕಿನ ಕೆಲಸಕ್ಕೆ ಹೋಗುವವನೇ. ಇಬ್ಬರೂ ಊಟದ ಪೊಟ್ಟಣವನ್ನು ಒಂದೇ ರೀತಿ ಎದೆಯ ಜೇಬಿಗೆ ಹಾಕಿಕೊಳ್ಳುತ್ತಾರೆ. ಅಪ್ಪ ಸೈಕಲ್ ಎತ್ತಿಕೊಂಡು ಹೊರಗೆ ಹೋಗುತ್ತಾನೆ. ಹಿಂದೆ ಹೊರಟ ಬ್ರೂನೋ ನಿಲ್ಲುತ್ತಾನೆ. ಮಂಚದ ಮೇಲೆ ಮಲಗಿರುವ ತಮ್ಮನ ಕಡೆ ತಿರುಗಿ ನೋಡುತ್ತಾನೆ. ವಾಪಸು ಬಂದು, ಕೂಸಿನ ಮುಖಕ್ಕೆ ಬೆಳಕು ಬೀಳದಂತೆ ಕಿಟಕಿಯ ಬಾಗಿಲು ಮುಚ್ಚಿ ಹೋಗುತ್ತಾನೆ.